ಕಿತ್ತಳೆ ಬಿಳಿಯ ಕೆಲಸ ಮಾಡಲಿಲ್ಲ

ಇತ್ತೀಚೆಗೆ 24 ಸ್ಲೈಡ್‌ಗಳ ಒಂದು ಡೆಕ್ ನನ್ನ ಕೈಗೆ ಬಂತು. ಒಳಗೆ 17 ಫೋಟೋ, ಬೇರೆ ಬೇರೆ ಜನ ತಮ್ಮ ತಮ್ಮ ಫೋನ್‌ನಲ್ಲಿ ತೆಗೆದದ್ದು. ಎಲ್ಲವೂ ನಮ್ಮ ಎರಡು ಬಣ್ಣಕ್ಕೆ ಬರಬೇಕಿತ್ತು: ಕಡುನೀಲಿ `1B2A49`, ಕಿತ್ತಳೆ `F28C28`.

ಪವರ್‌ಪಾಯಿಂಟ್‌ನ Recolor ಮೊದಲು ನೋಡಿದೆ. ಅಲ್ಲಿರುವ ರೆಡಿ ಆಯ್ಕೆಗಳಲ್ಲಿ ಒಂದು ಥೀಮ್ ಬಣ್ಣ ಸಿಗುತ್ತದೆ, ನಮಗೆ ಬೇಕಾದ ಎರಡನೇ ಬಣ್ಣ ಕೊಡುವ ಜಾಗ ಇಲ್ಲ. ಹಾಗಾಗಿ ಫೋಟೋ ತಿದ್ದುವ ಗಿಂಪ್‌ಗೆ ಹೋದೆ. ಫೋರ್‌ಗ್ರೌಂಡ್‌ಗೆ ನೀಲಿ, ಬ್ಯಾಕ್‌ಗ್ರೌಂಡ್‌ಗೆ ಕಿತ್ತಳೆ ಇಟ್ಟು, FG to BG (RGB) ಗ್ರೇಡಿಯಂಟ್ ಆರಿಸಿ Colors > Map > Gradient Map ಒತ್ತಿದೆ. ಫೋಟೋದ ಕತ್ತಲೆ ನೀಲಿಯಾಯಿತು, ಬೆಳಕು ಕಿತ್ತಳೆಯಾಯಿತು. ಎರಡನ್ನೂ ಅದಲುಬದಲು ಇಟ್ಟರೆ ಹಳೇ ನೆಗೆಟಿವ್ ಥರ ಕಾಣುತ್ತದೆ. ಅದನ್ನೂ ಒಮ್ಮೆ ಮಾಡಿಕೊಂಡೆ ಅನ್ನಿ.

ಬಣ್ಣ ಸರಿ ಬಂತು, ಫೋಟೋ ಮಾತ್ರ ಸತ್ತುಹೋಯಿತು. ಮುಖಗಳೆಲ್ಲ ಮಂಕು, ಕಣ್ಣಿನ ಬಿಳಿಯೂ ಕಿತ್ತಳೆ. ಯಾಕೆ ಅಂತ ಎರಡೂ ಬಣ್ಣವನ್ನು ಬೂದು ಮಾಡಿ ನೋಡಿದೆ. 0 ಕಪ್ಪು, 255 ಬಿಳಿ ಅಂದುಕೊಂಡರೆ ನೀಲಿ ಸುಮಾರು 41ಕ್ಕೆ, ಕಿತ್ತಳೆ 159ಕ್ಕೆ ನಿಂತವು. ಅಂದರೆ ಇಡೀ ಫೋಟೋವನ್ನು 118 ಮೆಟ್ಟಿಲೊಳಗೆ ತುರುಕಿದ್ದೆ. ಕಣ್ಣಿಗೆ ಕಿತ್ತಳೆ ಎಷ್ಟು ಝಗಮಗ ಅನ್ನಿಸಿದರೂ ಬಿಳಿಯ ಕೆಲಸ ಮಾಡುವಷ್ಟು ತಿಳಿ ಅಲ್ಲ. ಆಮೇಲೆ ಅದೇ ಕಿತ್ತಳೆಯ ತಿಳಿ ರೂಪ `FFE3C2` ಹಾಕಿದೆ. ಅದು 232ರ ಹತ್ತಿರ ಬರುತ್ತದೆ. ಮುಖಗಳಿಗೆ ಜೀವ ಬಂತು. ಗಾಢ ಕಿತ್ತಳೆಯನ್ನು ಶೀರ್ಷಿಕೆಗಳಿಗೆ ಉಳಿಸಿಕೊಂಡೆ.

ಇನ್ನೊಂದು ಫೋಟೋ ಜಾಸ್ತಿ ಕಾಡಿತು. ಹಸಿರು ಗಿಡಗಳ ಮುಂದೆ ಕೆಂಪು ಜಾಕೆಟ್ ಹಾಕಿಕೊಂಡು ನಿಂತ ಒಬ್ಬರು. ಮೂಲದಲ್ಲಿ ಎದ್ದು ಕಾಣುತ್ತಿದ್ದರು, ಮ್ಯಾಪ್ ಮಾಡಿದ ಮೇಲೆ ಗಿಡದೊಳಗೇ ಮಾಯ! ಆ ಕೆಂಪು `200,40,40`, ಹಸಿರು `60,110,50`. ಎರಡೂ ಬೂದಿನಲ್ಲಿ 88ರ ಆಸುಪಾಸು. ಗ್ರೇಡಿಯಂಟ್ ಮ್ಯಾಪ್ ನೋಡುವುದು ಬೆಳಕನ್ನಷ್ಟೇ, ಬಣ್ಣವನ್ನಲ್ಲ, ಹಾಗಾಗಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ ಕೊಟ್ಟಿತ್ತು. ಮೂಲ ಫೋಟೋಗೆ ವಾಪಸ್ ಹೋಗಿ, ಮೊದಲು ಯಾವ ಬಣ್ಣ ಬೂದಿನಲ್ಲಿ ಎಷ್ಟು ತಿಳಿಯಾಗಬೇಕು ಅಂತ ಹೇಳಬಹುದಾದ Mono Mixer ತೆರೆದು ಕೆಂಪನ್ನು 0.6, ಹಸಿರನ್ನು 0.3, ನೀಲಿಯನ್ನು 0.1 ಇಟ್ಟೆ. ಜಾಕೆಟ್ ತಿಳಿಯಾಯಿತು, ಗಿಡಗಳು ಕಪ್ಪಾದವು. ಆಮೇಲೆ ಮ್ಯಾಪ್ ಮಾಡಿದಾಗ ಮನುಷ್ಯ ಮತ್ತೆ ಮುಂದೆ ಬಂದರು.

ಈಗ ಎಲ್ಲ ಫೋಟೋಗಳನ್ನೂ ಮೊದಲು ಕಪ್ಪು ಬಿಳುಪು ಮಾಡಿ, ಪಕ್ಕಪಕ್ಕ ಇಟ್ಟು, ಬೆಳಕು ಕತ್ತಲೆ ಹೊಂದಿಸುವ Levels ಎಳೆದು ಒಂದೇ ಮಟ್ಟಕ್ಕೆ ತರುತ್ತೇನೆ. ಬಣ್ಣ ಹಚ್ಚುವುದು ಕೊನೆಗೆ. ಕಿಟಕಿಗೆ ಬೆನ್ನು ಹಾಕಿ ನಿಂತ ಗುಂಪಿನ ಫೋಟೋ ಒಂದಿತ್ತು. ಅದರ ನೆರಳಿನೊಳಗೆ ಮುಖವೇ ದಾಖಲಾಗಿರಲಿಲ್ಲ, Levels ಏನು ಮಾಡೀತು? ಅದನ್ನು ತೆಗೆದುಹಾಕಿದೆ.

ಎರಡು ಸ್ಲೈಡ್‌ಗಳಲ್ಲಿ ಕೆಂಪು ಹಸಿರು ಗೆರೆಗಳ ಚಾರ್ಟಿನ ಚಿತ್ರಗಳಿದ್ದವು. ಅವನ್ನು ಹಾಗೇ ಬಿಟ್ಟೆ.