ಬೆಲ್ಲ ಹಾಕಿ "ಸಕ್ಕರೆ ಹಾಕಿಲ್ಲ" ಅಂದರೆ ಹೇಗೆ?

ರಾಗಿ ಮಾಲ್ಟ್ ಪುಡಿ ಮಾರುವ ಕ್ಲೈಂಟ್ ಒಬ್ಬರು 60 ಸೆಕೆಂಡಿನ ಜಾಹೀರಾತು ವಿಡಿಯೋಗೆ ಸ್ಕ್ರಿಪ್ಟ್ ತಾವೇ ಬರೆದು ನಮ್ಮ ಏಜೆನ್ಸಿಗೆ ಕಳಿಸಿದ್ದರು. "ಸ್ವಲ್ಪ ಪಾಲಿಶ್ ಮಾಡಿ ಸಾಕು ಮೇಡಂ" ಅಂತ ಮೇಲ್. ತೆಗೆದು ಓದಿದೆ. ಶುಗರ್ ಕಂಟ್ರೋಲ್‌ಗೆ ಬರುತ್ತೆ, ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ, ಸಕ್ಕರೆ ಹಾಕೇ ಇಲ್ಲ, ಡಾಕ್ಟರ್‌ಗಳೂ ಇದನ್ನೇ ಕುಡೀರಿ ಅಂತಾರೆ. ಸಾಲಿಗೊಂದು ನೋಟಿಸ್ ಬರುವಂತಿತ್ತು. ಅರ್ಧ ಶೂಟ್ ಬೇರೆ ಅವರೇ ಮುಗಿಸಿಬಿಟ್ಟಿದ್ದರು. ಬಿಳಿ ಕೋಟು ಹಾಕಿಕೊಂಡು ನಗುತ್ತಾ ನಿಂತವರು ಅವರ ಅಕೌಂಟ್ಸ್ ಸೆಕ್ಷನ್ನಿನವರಂತೆ. ಆ ಶಾಟ್ ಮೊದಲು ಹೋಯಿತು, ಅದಕ್ಕೆ ಚರ್ಚೆ ಬೇಕಾಗಲಿಲ್ಲ.

ಶುಗರ್ ಸಾಲಿನ ಮೇಲೆ ದೊಡ್ಡ ಜಗಳ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಆಹಾರದ ಜಾಹೀರಾತಿನಲ್ಲಿ ಕಾಯಿಲೆ ವಾಸಿ ಮಾಡುತ್ತೆ, ಬರದಂತೆ ತಡೆಯುತ್ತೆ ಅನ್ನುವಂತಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಲ್ಲಿ ಅದು ಸ್ಪಷ್ಟವಾಗಿದೆ. ಸರಿ, ಔಷಧಿ ಅಂತಲೇ ಹೇಳೋಣ ಅಂದರೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇದೆ. ವಾಸಿ ಮಾಡುತ್ತೆ ಅಂತ ಔಷಧಿಯ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿ ಅದರಲ್ಲಿದೆ, ಆ ಪಟ್ಟಿಯಲ್ಲಿ ಡಯಾಬಿಟಿಸ್ ಕೂಡ ಇದೆ. ಎರಡೂ ಕಡೆ ಬಾಗಿಲು ಮುಚ್ಚಿದೆ. ಕ್ಲೈಂಟ್ ಒಂದೇ ಪ್ರಶ್ನೆ ಕೇಳಿದರು: "ನಮ್ಮ ಕಸ್ಟಮರ್ ಒಬ್ಬರು ನಿಜವಾಗಿಯೂ ಶುಗರ್ ಇಳೀತು ಅಂದಿದ್ದಾರಲ್ಲ ಮೇಡಂ, ಅವರ ಬೈಟ್ ಹಾಕಬಹುದಾ?" ಅವರು ಹೇಳಿದ್ದು ಸುಳ್ಳಲ್ಲದೇ ಇರಬಹುದು. ಆದರೆ ನಮ್ಮ ಜಾಹೀರಾತಿಗೆ ಬಂದ ಮೇಲೆ ಅದು ನಮ್ಮ ಮಾತು, ಸಾಬೀತು ಮಾಡುವ ಕೆಲಸವೂ ನಮ್ಮದೇ. ಅವರು ಅದೇ ತಿಂಗಳು ಮಾತ್ರೆ ಬದಲಾಯಿಸಿದ್ದರೋ, ಅನ್ನ ಬಿಟ್ಟಿದ್ದರೋ ಯಾರಿಗೆ ಗೊತ್ತು?

ಸಕ್ಕರೆ ಸಾಲು ಇನ್ನೂ ಸುಲಭ. ಪ್ಯಾಕ್ ತಿರುಗಿಸಿ ನೋಡಿದರೆ ರಾಗಿ ಆದ ಮೇಲೆ ಎರಡನೇ ಹೆಸರೇ ಬೆಲ್ಲದ ಪುಡಿ. "ಬೆಲ್ಲ ಸಕ್ಕರೆ ಅಲ್ಲವಲ್ಲ" ಅಂತ ಅವರ ವಾದ. ಬೇರೆಯಾಗಿ ಸೇರಿಸಿದ ಸಿಹಿ ಯಾವ ರೂಪದಲ್ಲಿದ್ದರೂ "ಸಕ್ಕರೆ ಸೇರಿಸಿಲ್ಲ" ಅನ್ನಲು ಬರಲ್ಲ. ಜೇನುತುಪ್ಪ ಹಾಕಿದರೂ ಅಷ್ಟೇ. ಅದನ್ನು "ಸಿಹಿಗೆ ಬೆಲ್ಲ" ಅಂತ ಎರಡೇ ಪದ ಮಾಡಿದೆ. ನನ್ನ ಪ್ರಕಾರ ಇದು ಮೊದಲಿನದಕ್ಕಿಂತ ಚೆನ್ನಾಗಿ ಮಾರುತ್ತೆ. ಬೆಲ್ಲ ಅಂದ ಕೂಡಲೇ ನಾಲಿಗೆಗೆ ಒಂದು ರುಚಿ ಬರುತ್ತೆ, "ಸಕ್ಕರೆ ಇಲ್ಲ" ಅಂದರೆ ಏನೂ ಬರಲ್ಲ.

ನಿಜವಾದ ಜಗಳ ಆಗಿದ್ದು ಕ್ಯಾಲ್ಸಿಯಂ ಮೇಲೆ. ಯಾಕೆಂದರೆ ಅದು ಸುಳ್ಳಲ್ಲ ಅಂತ ಅವರ ಹತ್ತಿರ ಪುಸ್ತಕವೇ ಇತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 100 ಎಂಎಲ್ ಹಾಲಿನಲ್ಲಿ ಸುಮಾರು 120. ಭಾಗಿಸಿದರೆ ಮೂರು ಪಟ್ಟು, ಹತ್ತಿರ ಹತ್ತಿರ ಸರಿಯೇ. ಕ್ಲೈಂಟ್ ಸರ್ವೀಸಿಂಗ್ ಹುಡುಗನೂ "ಅಕ್ಕ, ಇದಕ್ಕೆ ಪ್ರೂಫ್ ಇದೆ, ಬಿಟ್ಟುಬಿಡೋಣ" ಅಂದ. ಮೂರೂವರೆಗೆ ಡಬ್ಬಿಂಗ್ ಆರ್ಟಿಸ್ಟ್ ಬುಕ್ ಆಗಿದ್ದರು. ಗಂಟೆ ಮೂರು ಆಗುತ್ತಿತ್ತು.

ಕಾಲ್‌ನಲ್ಲೇ ಲೆಕ್ಕ ಹಾಕಿ ತೋರಿಸಿದೆ. ಯಾರೂ 100 ಗ್ರಾಂ ಪುಡಿ ಕುಡಿಯಲ್ಲ. ಪ್ಯಾಕ್ ಮೇಲೆ ಬರೆದಿರುವ ಒಂದು ಸಲದ ಅಳತೆ 25 ಗ್ರಾಂ. ಅದರಲ್ಲಿ ರಾಗಿ ಶೇಕಡಾ 60, ಅಂದರೆ 15 ಗ್ರಾಂ. ಆ 15 ಗ್ರಾಂನಲ್ಲಿ ಕ್ಯಾಲ್ಸಿಯಂ 50 ಮಿಲಿಗ್ರಾಂ ಚಿಲ್ಲರೆ. ಒಂದು ಲೋಟ ಹಾಲು, 200 ಎಂಎಲ್ ಅಂತ ಇಟ್ಟುಕೊಳ್ಳಿ, ಅದರಲ್ಲಿ ಸುಮಾರು 240. ಲೋಟಕ್ಕೆ ಲೋಟ ಹೋಲಿಸಿದರೆ ಹಾಲೇ ನಾಲ್ಕು ಪಟ್ಟಿಗಿಂತ ಜಾಸ್ತಿ! ನೀರಲ್ಲಿ ಮಾಲ್ಟ್ ಕಲಸಿ ಕೊಡುವ ತಾಯಿ, ಮಗುವಿಗೆ ಇನ್ನು ಹಾಲು ಬೇಡ ಅಂದುಕೊಂಡರೆ ಅದಕ್ಕೆ ಕಾರಣ ನಮ್ಮ ಸಾಲು. ಒಂದೊಂದು ಅಂಕಿಯೂ ನಿಜ, ಆದರೆ ಕೇಳಿದವರ ತಲೆಗೆ ಹೋಗುವುದು ಸುಳ್ಳು. ನಿಯಮ ನೋಡುವುದೂ ಅದನ್ನೇ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರ ಮಾರ್ಕೆಟಿಂಗ್ ಹೆಡ್, "ಹಾಗಾದ್ರೆ ಸ್ಟಾರ್ ಹಾಕಿ ಕೆಳಗೆ ಒಂದು ಸೂಪರ್ ಕೊಡಿ, '100 ಗ್ರಾಂ ರಾಗಿಗೆ ಹೋಲಿಸಿದಾಗ' ಅಂತ" ಅಂದರು. ಸೂಪರ್ ಅಂದರೆ ಪರದೆಯ ಮೇಲೆ ಮೂಡುವ ಅಕ್ಷರ. ಪ್ರತಿ ಪ್ರಾಜೆಕ್ಟಿನಲ್ಲೂ ಯಾರಾದರೂ ಒಬ್ಬರು ಈ ಸ್ಟಾರ್ ಹಿಡಿದುಕೊಂಡು ಬರುತ್ತಾರೆ. ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಪ್ರಕಾರ ಡಿಸ್ಕ್ಲೈಮರ್ ಇರುವುದು ಮಾತನ್ನು ಬಿಡಿಸಿ ಹೇಳಲು, ದಾರಿ ತಪ್ಪಿಸುವ ಮಾತನ್ನು ಸರಿಮಾಡಲು ಅಲ್ಲ. ಮೇಲಾಗಿ ಕ್ಲೇಮ್ ಯಾವ ಭಾಷೆಯಲ್ಲಿದೆಯೋ ಅದೂ ಅದೇ ಭಾಷೆಯಲ್ಲಿರಬೇಕು, ವಾಯ್ಸ್ ಓವರ್ ಜೊತೆಜೊತೆಗೇ ಬರಬೇಕು. ಇವರ ಡ್ರಾಫ್ಟ್‌ನಲ್ಲಿ ಧ್ವನಿ ಕನ್ನಡ, ಸೂಪರ್ ಇರುವೆ ಸಾಲಿನಂಥ ಇಂಗ್ಲಿಷ್. ದಂಡ ಮೊದಲ ಸಲಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ಹೋಗಬಹುದು ಅಂದ ಮೇಲೆ ಸ್ಟಾರ್ ಮಾತು ನಿಂತಿತು. ಆದರೆ ಮುಂದಿನ ಪ್ರಶ್ನೆ ನ್ಯಾಯವಾದದ್ದು: "ಇಷ್ಟೆಲ್ಲ ತೆಗೆದ ಮೇಲೆ ಜನ ಯಾಕೆ ಕೊಳ್ಳಬೇಕು?"

ಬರೀ ಕತ್ತರಿಸಿ ಕೊಟ್ಟರೆ ಕ್ಲೈಂಟ್ ಇನ್ನೊಂದು ಏಜೆನ್ಸಿಗೆ ಹೋಗಿ ಅದೇ ಸಾಲು ಹಾಕಿಸುತ್ತಾರೆ. ಹಾಗಾಗಿ ತೆಗೆದ ಜಾಗದಲ್ಲಿ ತೂಕದ್ದು ಏನಾದರೂ ಕೂರಿಸಲೇಬೇಕು. ರಾಗಿ ಮಾಲ್ಟ್ ಮಾಡುವವರ ನಿಜವಾದ ಗೋಳು ಏನು? ಗಂಟು. ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಗಂಟು ಒಡೆಯುತ್ತಾ ನಿಲ್ಲುವುದು. ಇವರ ಪುಡಿ ನುಣ್ಣಗಿದೆ. ತಣ್ಣನೆ ನೀರಲ್ಲಿ ಮೊದಲು ಕಲಸಿ, ಆಮೇಲೆ ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟಲ್ಲ. ಇದನ್ನು ಒಂದೇ ಶಾಟ್‌ನಲ್ಲಿ, ಕಟ್ ಇಲ್ಲದೆ ತೋರಿಸಬಹುದು. "3 ನಿಮಿಷದಲ್ಲಿ ರೆಡಿ" ಅಂತ ಹಾಕಲು ಅವರಿಗೆ ಆಸೆ. ನಮ್ಮ ಪ್ಯಾಂಟ್ರಿಯಲ್ಲಿ ಮಾಡಿ ನೋಡಿದೆವು, ಐದು ಆಯಿತು. ಐದು ಅಂತಲೇ ಬರೆದೆ.

ಕ್ಯಾಲ್ಸಿಯಂ ಸಾಲಿನ ಜಾಗಕ್ಕೆ "ಹಾಲಿನ ಜೊತೆ ರಾಗಿ, ಒಂದೇ ಲೋಟದಲ್ಲಿ" ಬಂತು. ಹಾಲಿನ ಜೊತೆ ಪೈಪೋಟಿಯೇ ಇಲ್ಲ. ಫೈಬರ್ ಬಗ್ಗೆ ಲ್ಯಾಬ್ ರಿಪೋರ್ಟ್ ಕೇಳಿದೆ, 100 ಗ್ರಾಂಗೆ 5.4 ಗ್ರಾಂ ಇತ್ತು. 3 ಗ್ರಾಂ ದಾಟಿದರೆ "ನಾರಿನಂಶದ ಮೂಲ" ಅನ್ನಬಹುದು, "ಹೆಚ್ಚು ನಾರಿನಂಶ" ಅನ್ನಲು 6 ಬೇಕು. ದಾಟಿದಷ್ಟನ್ನೇ ಹೇಳಿದೆವು. ಮೊಳಕೆ ಕಟ್ಟಿದ ರಾಗಿ ಒಣಗುವುದು, ಹುರಿಯುವುದು, ಪುಡಿ ಜರಡಿಯಿಂದ ಬೀಳುವುದು, ಇದಕ್ಕೆ ಹನ್ನೆರಡು ಸೆಕೆಂಡ್ ಕೊಟ್ಟೆ, ವಾಯ್ಸ್ ಓವರ್ ಇಲ್ಲದೆ. ಫ್ಯಾಕ್ಟರಿಯಲ್ಲಿ ನಿಜವಾಗಿ ನಡೆಯುವ ಕೆಲಸ ತಾನೇ, ಯಾರು ತಕರಾರು ಮಾಡುತ್ತಾರೆ?

ಡಬ್ಬಿಂಗ್ ಮುಗಿಯಿತು, ಎಲ್ಲರೂ ಉಸಿರು ಬಿಟ್ಟರು. ಸಂಜೆ ಆಫ್‌ಲೈನ್ ಕಟ್, ಅಂದರೆ ವಿಡಿಯೋದ ಮೊದಲ ಜೋಡಣೆ, ಬಂತು. 38ನೇ ಸೆಕೆಂಡಿನಲ್ಲಿ ತಾತ ಲೋಟ ಕೆಳಗಿಟ್ಟು, ಬೆರಳು ಚುಚ್ಚಿಕೊಂಡು, ಗ್ಲುಕೋಮೀಟರ್ ನೋಡಿ ನಗುತ್ತಿದ್ದಾರೆ! ಮಾತು ತೆಗೆದಿದ್ದೆವು, ಚಿತ್ರ ಅಲ್ಲೇ ಇತ್ತು. ಎಡಿಟರ್‌ಗೆ ಹೋಗಿದ್ದು ವಾಯ್ಸ್ ಓವರ್ ಶೀಟ್ ಮಾತ್ರ, ಅದರಲ್ಲಿ ವಿಶುವಲ್ ಕಾಲಮ್ಮೇ ಇರಲ್ಲ. ಈ ಟೆಂಪ್ಲೇಟ್ ಬದಲಾಯಿಸಿ ಅಂತ ಎಷ್ಟು ಸಲ ಹೇಳಿದ್ದೇನೋ. ಶಾಟ್ ತೆಗೆಸಿ, ಥಂಬ್‌ನೇಲ್ ನೋಡಿದೆ, ಅಲ್ಲೂ ಅದೇ ತಾತ. ಕ್ಯಾಪ್ಶನ್ ನೋಡಿದೆ, ಡಯಾಬಿಟಿಸ್ ಹ್ಯಾಶ್‌ಟ್ಯಾಗ್. ಹ್ಯಾಶ್‌ಟ್ಯಾಗ್ ಹಾಕಿ ಹೇಳಿದರೂ ಹೇಳಿದಂತೆಯೇ ಅಲ್ವಾ?

ವಿಡಿಯೋ ಈಗ ಓಡುತ್ತಿದೆ. ಹೋದ ವಾರ ಕ್ಲೈಂಟ್ ಮೆಸೇಜ್ ಮಾಡಿದ್ದರು: "ಮೇಡಂ, ಶುಗರ್ ಫ್ರೆಂಡ್ಲಿ ಅಂತ ಹಾಕಬಹುದಾ?" ಬೆಲ್ಲ ಇನ್ನೂ ಎರಡನೇ ಸ್ಥಾನದಲ್ಲೇ ಇದೆಯಾ ಅಂತ ಕೇಳಿದೆ. ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ.