ನಮ್ಮದೇ ಅಡಿಕೆ, ನಮ್ಮದೇ ಅಂಗಡಿಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮ ಸಾಹುಕಾರರು ಅಹಮದಾಬಾದಿನಲ್ಲಿಯೂ ಒಂದು ಶಾಖೆ ತೆರೆದು ಮಗನನ್ನು ಅಲ್ಲಿ ಕೂರಿಸಿದ ವರ್ಷ, ಮೊದಲ ಲೋಡು ಹೊರಟ ಸಂಜೆ ನಾನು ಮಾಡಿದ ತಪ್ಪು ಮತ್ತು ಅದನ್ನು ತಿದ್ದಿದ ರೀತಿ ಇನ್ನೂ ನೆನಪಿನಲ್ಲಿವೆ.

ಅಂದು ನೂರು ಕ್ವಿಂಟಲ್ ರಾಶಿ ಅಡಿಕೆ ಲಾರಿಗೆ ಏರುತ್ತಿತ್ತು. ಮಾಲು ನಮ್ಮದು, ತಲುಪುವ ಅಂಗಡಿಯೂ ನಮ್ಮದು, ದುಡ್ಡು ಕೈ ಬದಲಾಗುವುದಿಲ್ಲ. ಆದ್ದರಿಂದ ಇದು ಮಾರಾಟವಲ್ಲ ಎಂದುಕೊಂಡು ತೆರಿಗೆ ಹಾಕದೆ ಡೆಲಿವರಿ ಚಲನ್ ಬರೆದು, ಅದರ ಮೇಲೆಯೇ ಇ-ವೇ ಬಿಲ್ ತೆಗೆದಿದ್ದೆ. ಈ ಎಣಿಕೆ ಹಳೆಯ ಕಾಲದ್ದು. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವ ಮುಂಚೆ ಹೊರರಾಜ್ಯದ ಶಾಖೆಗೆ ಕಳಿಸಿದ ಮಾಲಿಗೆ, ಇದು ಮಾರಾಟವಲ್ಲ ಎಂದು ತೋರಿಸುವ ಎಫ್ ಫಾರಂ ಅಲ್ಲಿಂದ ತರಿಸಿ ಇಟ್ಟುಕೊಂಡರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿರಲಿಲ್ಲ. ನಾನು ಕೆಲಸ ಕಲಿತದ್ದು ಆ ಕಾಗದಗಳ ನಡುವೆಯೇ.

ಬೇರೆ ಕೆಲಸಕ್ಕೆ ಬಂದಿದ್ದ ನಮ್ಮ ಆಡಿಟರು ಮೇಜಿನ ಮೇಲಿದ್ದ ಚಲನ್ ನೋಡಿ, ಎರಡೂ ಕಡೆಯ ಜಿಎಸ್‌ಟಿ ನಂಬರ್‌ಗಳ ಮೊದಲ ಎರಡು ಅಂಕಿಗಳ ಮೇಲೆ ಬೆರಳಿಟ್ಟರು. ನಮ್ಮದು 29, ಗುಜರಾತಿನದು 24. “ಪ್ಯಾನ್ ಒಂದೇ ಇರಬಹುದು, ಆದರೆ ಈ ಕಾನೂನಿನ ಕಣ್ಣಿಗೆ ನೀವು ಇಬ್ಬರು ಬೇರೆ ವ್ಯಕ್ತಿಗಳು. ತೆರಿಗೆ ಈಗ ಮಾರಾಟದ ಮೇಲಲ್ಲ, ಪೂರೈಕೆಯ ಮೇಲೆ. ಇಂಥ ಇಬ್ಬರ ನಡುವೆ ವ್ಯಾಪಾರಕ್ಕಾಗಿ ಹೋಗುವ ಮಾಲು ದುಡ್ಡಿಲ್ಲದೆ ಹೋದರೂ ಪೂರೈಕೆಯೇ ಎಂದು ಮೊದಲನೇ ಅನುಸೂಚಿ ಹೇಳುತ್ತದೆ. ಚಲನ್ ಸಾಲದು, ಹೊರರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆಯಾದ ಐಜಿಎಸ್‌ಟಿ ಹಾಕಿದ ಇನ್‌ವಾಯ್ಸ್ ಬೇಕು” ಎಂದರು. ಆ ಚಲನ್ ಹಿಡಿದು ಹೋದ ಲಾರಿಯನ್ನು ದಾರಿಯಲ್ಲಿ ತಡೆದಿದ್ದರೆ, ಬಿಡಿಸಿಕೊಳ್ಳಲು ತೆರಿಗೆಯ ಎರಡರಷ್ಟು ದಂಡ ಕಟ್ಟಬೇಕಾಗಬಹುದಿತ್ತು.

ಒಣ ಅಡಿಕೆಗೆ ತೆರಿಗೆ ಶೇ. 5. ಕ್ವಿಂಟಲಿಗೆ 48,000 ರೂಪಾಯಿಯಂತೆ ಲೋಡಿನ ಬೆಲೆ 48 ಲಕ್ಷ, ಐಜಿಎಸ್‌ಟಿ 2,40,000. ಅಂಕಿ ಕೇಳಿದ ಸಾಹುಕಾರರ ಮುಖ ಬಾಡಿತು. ಬೇರೆ ವ್ಯಾಪಾರಗಳಲ್ಲಿ ಖರೀದಿಯ ಮೇಲೆ ಕಟ್ಟಿದ ತೆರಿಗೆ ಇಲ್ಲಿಗೆ ಕ್ರೆಡಿಟ್ ಆಗಿ ಹೊಂದಿಕೆಯಾಗುತ್ತದೆ. ನಾವು ಅಡಿಕೆ ಕೊಳ್ಳುವುದು ನೋಂದಣಿ ಬೇಕಿಲ್ಲದ ರೈತರಿಂದ, ಹಾಗಾಗಿ ನಮ್ಮ ಖಾತೆಯಲ್ಲಿ ಕ್ರೆಡಿಟ್ ಎಂಬುದು ಹೆಸರಿಗಷ್ಟೇ ಇರುತ್ತದೆ. ಅಲ್ಲಿ ಮಾಲು ಮಾರಾಟವಾಗುವ ಮೊದಲೇ, ಮುಂದಿನ ತಿಂಗಳ 20ರೊಳಗೆ, ಈ ದುಡ್ಡನ್ನು ನಗದಾಗಿ ಕಟ್ಟಬೇಕು. ಅಡಿಕೆ ಮಂಡಿಗೆ ಈ ನಿಯಮದ ನಿಜವಾದ ಭಾರ ಇರುವುದು ಇಲ್ಲಿ.

“ಹಂಗಾದ್ರೆ ಬಿಲ್ಲಲ್ಲಿ ಬೆಲೆ ಕಮ್ಮಿ ತೋರಿಸಿದ್ರೆ ಆಗಲ್ವಾ?” ಎಂದು ಸಾಹುಕಾರರು ಕೇಳಿದರು. ಆಡಿಟರು ಅದನ್ನು ತಳ್ಳಿಹಾಕಲಿಲ್ಲ. ಮೌಲ್ಯದ 28ನೇ ನಿಯಮದಂತೆ, ಪಡೆಯುವ ಶಾಖೆಗೆ ಪೂರ್ತಿ ಕ್ರೆಡಿಟ್ ಸಿಗುವಂತಿದ್ದರೆ ಇನ್‌ವಾಯ್ಸಿನಲ್ಲಿ ಬರೆದ ಬೆಲೆಯನ್ನೇ ಮಾರುಕಟ್ಟೆ ಬೆಲೆ ಎಂದು ಒಪ್ಪಲಾಗುತ್ತದೆ. ಅಹಮದಾಬಾದಿನವರು ತೆರಿಗೆ ಹಾಕಿಯೇ ಮಾರುವುದರಿಂದ ಅವರಿಗೆ ಪೂರ್ತಿ ಕ್ರೆಡಿಟ್ ಇದೆ. ಚೀಟಿಯೊಂದರಲ್ಲಿ ಆಡಿಟರು ಲೆಕ್ಕ ಹಾಕಿ ತೋರಿಸಿದರು. ಅಲ್ಲಿ ಮಾಲು 52,000ದಂತೆ ಮಾರಾಟವಾದರೆ ಗಿರಾಕಿಯಿಂದ ಬರುವ ತೆರಿಗೆ 2,60,000. ನಾವು 48,000 ಬರೆದರೆ ಇಲ್ಲಿ 2,40,000, ಅಲ್ಲಿ ಉಳಿದ 20,000 ಕಟ್ಟಬೇಕು. 30,000 ಬರೆದರೆ ಇಲ್ಲಿ 1,50,000, ಅಲ್ಲಿ 1,10,000. ಒಟ್ಟು ಮೊತ್ತ ಬದಲಾಗದು, ಕಟ್ಟುವ ಊರು ಮತ್ತು ತಿಂಗಳು ಮಾತ್ರ ಬದಲಾಗುತ್ತವೆ.

ಆದರೂ ನಾವು 48,000ವನ್ನೇ ಬರೆದೆವು, ಅದು ಸರಿಯಾದ ತೀರ್ಮಾನವೆಂದೇ ಈಗಲೂ ನನ್ನ ನಂಬಿಕೆ. ತೆರಿಗೆ ತಪ್ಪಿಸಿ ಸಾಗುವ ಅಡಿಕೆಯ ಮೇಲೆ ಅಧಿಕಾರಿಗಳ ಕಣ್ಣು ಸದಾ ಇರುತ್ತದೆ. ದರ ಎಲ್ಲರಿಗೂ ಗೊತ್ತಿರುವಾಗ 30,000 ಎಂದು ಬರೆದ ಬಿಲ್ ಹಿಡಿದ ಚಾಲಕ, ನಡುರಾತ್ರಿ ರಸ್ತೆಯಲ್ಲಿ 28ನೇ ನಿಯಮವನ್ನು ಯಾರಿಗೆ ವಿವರಿಸಿಯಾನು? ಮಳೆಯಲ್ಲಿ ಮಾಲು ನೆನೆದರೆ ವಿಮೆಯವರು ಮೊದಲು ಕೇಳುವುದೂ ಬಿಲ್ಲಿನ ಬೆಲೆಯನ್ನೇ.

ಇ-ವೇ ಬಿಲ್ ತೆಗೆದು 24 ಗಂಟೆ ಆಗಿರಲಿಲ್ಲ, ಲಾರಿಯೂ ಹೊರಟಿರಲಿಲ್ಲ, ಹಾಗಾಗಿ ಅದನ್ನು ರದ್ದು ಮಾಡಲು ಅಡ್ಡಿಯಾಗಲಿಲ್ಲ. ನಮ್ಮ ವಹಿವಾಟು 5 ಕೋಟಿ ಮೀರಿದ್ದರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಕಳಿಸುವವರ ಮತ್ತು ಪಡೆಯುವವರ ಜಾಗದಲ್ಲಿ ಒಂದೇ ಹೆಸರು, ಎರಡು ನಂಬರ್ ತುಂಬಿ, ಪೋರ್ಟಲ್ ಆ ಇನ್‌ವಾಯ್ಸಿಗೆ ಕೊಡುವ ಸಂಖ್ಯೆಯಾದ ಐಆರ್‌ಎನ್ ಪಡೆದು, ಅದರಿಂದ ಹೊಸ ಇ-ವೇ ಬಿಲ್ ತೆಗೆದೆ. ಹೊರಡುವಾಗ ಸಾಹುಕಾರರಿಗೆ ಇನ್ನೊಂದು ಚಿಂತೆ ಬಂತು: ಮಗ ನಮಗೆ ದುಡ್ಡು ಕೊಡುವುದೇ ಇಲ್ಲವಲ್ಲ, 180 ದಿನವಾದ ಮೇಲೆ ಅವನ ಕ್ರೆಡಿಟ್ ಹೋದೀತೇ? ಇಂಥ ಪೂರೈಕೆಯಲ್ಲಿ ಬೆಲೆ ಸಂದಿದೆ ಎಂದೇ ಭಾವಿಸಲಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ ಎಂದರು ಆಡಿಟರು.

ಮುಂದಿನ ತಿಂಗಳ 11ರೊಳಗೆ ನಾನು ಪೂರೈಕೆಗಳ ವಿವರದ ಜಿಎಸ್‌ಟಿಆರ್-1 ಸಲ್ಲಿಸಿದೆ. 14ರಂದು ಸಾಹುಕಾರರ ಮಗ ಫೋನು ಮಾಡಿ, ತಮ್ಮ ಕ್ರೆಡಿಟ್ ಪಟ್ಟಿಯಾದ 2ಬಿಯಲ್ಲಿ 2,40,000 ಬಂದಿದೆ ಎಂದು ಓದಿ ಹೇಳಿದ. ಆ ಹೊತ್ತಿಗೆ ಅಲ್ಲಿ ಅರ್ಧ ಲೋಡೂ ಮಾರಾಟವಾಗಿರಲಿಲ್ಲ.