ಅಮ್ಮನ ವಿಡಿಯೋ ಚೀಟಿ: ಒಂದೇ ಸಲ ಕತ್ತರಿಸೋದು ಬಿಟ್ಟ ಮೇಲೆ ದಾರಿ ಸಿಕ್ತು

ಫೋನಿನಲ್ಲಿ ವಿಡಿಯೋ ಕತ್ತರಿಸೋದು ಹೇಗೆ ಅಂತ ಅಮ್ಮನಿಗೆ ಬರೆದುಕೊಟ್ಟ ಚೀಟಿ ಅಂತೂ ಕೆಲಸ ಮಾಡ್ತು. ಹುತ್ತರಿಯ ವಿಡಿಯೋವನ್ನು ಅಮ್ಮ ಯಾರನ್ನೂ ಕರೆಯದೆ ತಾನೇ ಕತ್ತರಿಸಿ ಮನೆಯವರ ಗ್ರೂಪಿಗೆ ಹಾಕಿದರು. ವಿಡಿಯೋ ತೆರೆಯೋದು, Edit ಒತ್ತೋದು, ಕಳಿಸೋದು, ಇವೆಲ್ಲ ಅವರಿಗೆ ಮೊದಲೇ ಬರುತ್ತಿತ್ತು, ನಿಮಗೂ ಗೊತ್ತು, ಹಾಗಾಗಿ ಅದನ್ನೆಲ್ಲ ಬರೆಯೋದಿಲ್ಲ. ಇಷ್ಟು ದಿನ ತಲೆ ತಿಂದದ್ದು ಒಂದೇ: ಕೆಳಗಿನ ಪಟ್ಟಿಯ ಎರಡು ತುದಿಯಲ್ಲಿರೋ ಹಿಡಿಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸೋದು.

ವಿಡಿಯೋ ಇದ್ದದ್ದು 6 ನಿಮಿಷ 12 ಸೆಕೆಂಡ್. ಅಷ್ಟು ಉದ್ದದ್ದು ನಮ್ಮೂರಿನ ನೆಟ್‌ವರ್ಕಿನಲ್ಲಿ ಹೋಗೋದೇ ಇಲ್ಲ, ಅರ್ಧದಲ್ಲೇ ಸುತ್ತುತ್ತಾ ಕೂರುತ್ತೆ. ಅಮ್ಮನಿಗೆ ಬೇಕಿದ್ದದ್ದು ಗದ್ದೆಯಲ್ಲಿ ಕೋವಿಯ ಗುಂಡು ಹಾರಿದ ಕ್ಷಣದಿಂದ, ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗಿ ಮುಗಿಸೋವರೆಗೆ. ಅಂದರೆ 2:38ರಿಂದ 3:19, ಬರೀ 41 ಸೆಕೆಂಡ್. ಹಿಡಿಯನ್ನು ಎಳೆದು ತಂದು ಬೆರಳು ಎತ್ತಿದ ತಕ್ಷಣ ಅದು ಇತ್ತ ಇಲ್ಲವೇ ಅತ್ತ ಜಾರುತ್ತಿತ್ತು. ಒಂದು ಸಲ ಗುಂಡಿನ ಸದ್ದು ಹೋಯಿತು, ಇನ್ನೊಂದು ಸಲ ಗುಂಡಿಗೆ ಮುಂಚಿನ ಅರ್ಧ ನಿಮಿಷದ ಕತ್ತಲೆ ಸೇರಿಕೊಂಡಿತು. "ನನ್ನ ಕೈ ನಡುಗುತ್ತೆ ಕಣೋ, ಬಿಡು ಅತ್ಲಾಗೆ" ಅಂದರು ಅಮ್ಮ.

ಕೈಯದ್ದಲ್ಲ ಅದು. ಸ್ಕೇಲ್ ಇಟ್ಟು ಅಳೆದೆ. ಫೋನಿನ ಪರದೆಯಲ್ಲಿ ಆ ಪಟ್ಟಿ ಸುಮಾರು 6 ಸೆಂಟಿಮೀಟರ್ ಅಗಲ. ಅದರೊಳಗೆ 372 ಸೆಕೆಂಡ್ ತುಂಬಿಸಿದ್ದಾರೆ. ಒಂದು ಮಿಲಿಮೀಟರ್ ಅಂದರೆ 6 ಸೆಕೆಂಡ್! ಬೆರಳ ತುದಿ ಪರದೆಗೆ ತಾಗೋ ಜಾಗವೇ ಅದಕ್ಕಿಂತ ಎಷ್ಟೋ ಪಟ್ಟು ಅಗಲ. ಬೆರಳು ಎತ್ತುವಾಗ ಕೂದಲೆಳೆಯಷ್ಟು ಹೊರಳಿದರೂ ಕೂಗಿನ ಒಂದು ಸುತ್ತು ಹೋಯಿತು. ಇಪ್ಪತ್ತರ ಹುಡುಗನಿಗೂ ಇದು ಕಷ್ಟವೇ.

ಮೇಲಿಂದ ಇದು ರಾತ್ರಿಯ ವಿಡಿಯೋ. ಮಾಮೂಲಾಗಿ ಪಟ್ಟಿಯಲ್ಲಿ ಕಾಣೋ ಚಿಕ್ಕ ಚಿಕ್ಕ ಚಿತ್ರ ನೋಡಿ ಜಾಗ ಹುಡುಕ್ತೀವಿ ಅಲ್ವಾ, ಇಲ್ಲಿ ಹುಣ್ಣಿಮೆ ಇದ್ದರೂ ಎಲ್ಲ ಚಿತ್ರವೂ ಕಪ್ಪೇ, ಒಂದೆರಡರಲ್ಲಿ ಮಾತ್ರ ಟಾರ್ಚಿನ ಬೆಳಕು. ಹಾಗಾಗಿ ಕಣ್ಣಿನಿಂದ ಹುಡುಕೋದು ಬಿಟ್ಟು ಕಿವಿಯಿಂದ ಹುಡುಕೋದು ಅಂತ ತೀರ್ಮಾನಿಸಿದೆವು. ಮೊದಲು ಸುಮ್ನೆ ವಿಡಿಯೋ ಪೂರ್ತಿ ನೋಡೋದು, ಗುಂಡಿನ ಸದ್ದು ಬಂದಾಗ ಪರದೆ ಮೇಲಿನ ಸಮಯವನ್ನು ಕಾಗದದಲ್ಲಿ ಬರೆದುಕೊಳ್ಳೋದು.

ನಡುವೆ ಸ್ಟೈಲಸ್ ಪೆನ್ನಿನ ಪುರಾಣವೂ ನಡೆಯಿತು. ತುದಿಯಲ್ಲಿ ತೆಳು ಬಿಲ್ಲೆ ಇರೋದು ಬೇಕು ಅಂತ ಆನ್‌ಲೈನಿನಲ್ಲಿ ತರಿಸಿದರೆ ದಪ್ಪ ರಬ್ಬರ್ ತುದಿಯದ್ದು ಬಂತು, ಬೆರಳಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ವಾಪಸ್ ಕೊಡೋಣ ಅಂದರೆ ನಮ್ಮ ಪಿನ್‌ಕೋಡಿಗೆ ವಾಪಸ್ ಒಯ್ಯೋ ಸೌಲಭ್ಯ ಇಲ್ಲವಂತೆ. ತಂದು ಕೊಡೋಕೆ ದಾರಿ ಗೊತ್ತಿತ್ತು, ಒಯ್ಯೋಕೆ ಮಾತ್ರ ಗೊತ್ತಿಲ್ಲ!

ಕೊನೆಗೆ ದಾರಿ ಸಿಕ್ಕಿದ್ದು ಆ ಸ್ಕೇಲಿನ ಲೆಕ್ಕದಿಂದಲೇ. ಪಟ್ಟಿಯ ಅಗಲ ನಮ್ಮ ಕೈಯಲ್ಲಿಲ್ಲ, ವಿಡಿಯೋದ ಉದ್ದ ನಮ್ಮ ಕೈಯಲ್ಲಿದೆ. ಮೊದಲು ಒರಟಾಗಿ ಕತ್ತರಿಸಿ ಪ್ರತಿ ಉಳಿಸೋದು, ಆಮೇಲೆ ಆ ಪ್ರತಿಯನ್ನು ತೆರೆದು ನಾಜೂಕಾಗಿ ಕತ್ತರಿಸೋದು. ಹಲಗೆ ಮೊದಲು ಗರಗಸಕ್ಕೆ, ಆಮೇಲೆ ಉಜ್ಜುಗೊರಡಿಗೆ, ಅದೇ ಥರ. ಅಮ್ಮನ ಮೊದಲ ಕಟ್ 2:17ರಿಂದ 3:44ಕ್ಕೆ ಬಿತ್ತು. ಎಲ್ಲಿ ಬಿದ್ದರೂ ಪರವಾಗಿಲ್ಲ, ಬೇಕಾದ ಭಾಗ ಒಳಗಿದ್ದರೆ ಸಾಕು. ಈಗ ಅದೇ 6 ಸೆಂಟಿಮೀಟರ್ ಪಟ್ಟಿಯಲ್ಲಿ ಇರೋದು 87 ಸೆಕೆಂಡ್ ಮಾತ್ರ, ಒಂದು ಮಿಲಿಮೀಟರಿಗೆ ಸುಮಾರು ಒಂದೂವರೆ ಸೆಕೆಂಡ್. ಗುಂಡಿನ ಸದ್ದು ಹೊಸ ಪ್ರತಿಯಲ್ಲಿ 0:21ಕ್ಕೆ, ಕೂಗು ಮುಗಿಯೋದು 1:02ಕ್ಕೆ. ಈ ಸಲ ಹಿಡಿ ನಿಂತ ಕಡೆ ನಿಂತಿತು.

ಇಲ್ಲೊಂದು ವಿಷಯ. ಹಳೇ ಸಮಯದಲ್ಲಿ ಕಳೆದು ಹೊಸ ಸಮಯ ಕಂಡುಹಿಡಿಯೋ ಲೆಕ್ಕವನ್ನು ಚೀಟಿಯಲ್ಲಿ ಬರೆಯಬೇಡಿ. ಪ್ರತಿಯನ್ನು ಇನ್ನೊಮ್ಮೆ ನೋಡಿ ಹೊಸದಾಗಿ ಬರೆದುಕೋ ಅಂದರೆ ಮುಗೀತು.

ಆಮೇಲೆ ಇನ್ನೊಂದು ಕಾಟ. ಎಡಗಡೆ ಹಿಡಿ ಪರದೆಯ ಅಂಚಿಗೇ ಅಂಟಿಕೊಂಡಿರುತ್ತೆ. ಅದನ್ನು ಅಂಚಿನಿಂದ ಒಳಕ್ಕೆ ಎಳೆದರೆ ಫೋನು ಅದನ್ನು "ಹಿಂದಕ್ಕೆ ಹೋಗು" ಅಂತ ತಿಳಿದುಕೊಂಡು ಎಡಿಟ್ ಪುಟವನ್ನೇ ಮುಚ್ಚೋಕೆ ಹೊರಡುತ್ತೆ. ಮಾಡಿದ್ದೆಲ್ಲ ಹೋಯಿತು ಅಂತ ಅಮ್ಮನಿಗೆ ಗಾಬರಿ. Settings ಒಳಗೆ "navigation" ಅಂತ ಹುಡುಕಿ 3-button navigation ಆರಿಸಿದೆ. ಕೆಳಗೆ ಹಳೇ ಫೋನಿನ ಹಾಗೆ ಮೂರು ಗುಂಡಿ ಬಂದವು, ಅಂಚಿನ ಕಾಟ ನಿಂತಿತು. ಇದು ಚೀಟಿಯಲ್ಲಿಲ್ಲ, ಮಗನೋ ಮಗಳೋ ಒಮ್ಮೆ ಮಾಡಿಕೊಟ್ಟು ಹೋಗಬೇಕಾದ ಕೆಲಸ.

ಚೀಟಿ ಈಗ ಹೀಗಿದೆ, ದೊಡ್ಡ ಅಕ್ಷರದಲ್ಲಿ, ಗುಂಡಿಗಳ ಹೆಸರು ಪರದೆಯಲ್ಲಿ ಇರೋ ಹಾಗೇ:

"ಅಮ್ಮ, ಮೊದಲು ವಿಡಿಯೋ ಪೂರ್ತಿ ನೋಡು. ಎಲ್ಲಿಂದ ಬೇಕು, ಎಲ್ಲಿವರೆಗೆ ಬೇಕು, ಎರಡು ಸಮಯ ಕಾಗದದಲ್ಲಿ ಬರೆ. Edit ಒತ್ತು. ಎಡಗಡೆ ಹಿಡಿಯನ್ನು ಮೊದಲ ಸಮಯಕ್ಕಿಂತ ಸ್ವಲ್ಪ ಮುಂಚೆ ನಿಲ್ಲಿಸು. ಬಲಗಡೆಯದ್ದನ್ನು ಎರಡನೇ ಸಮಯ ದಾಟಿದ ಮೇಲೆ ನಿಲ್ಲಿಸು. ಸರಿಯಾಗಿ ನಿಲ್ಲದಿದ್ದರೆ ಚಿಂತೆ ಬೇಡ. Save copy ಒತ್ತು. ಈಗ ಚಿಕ್ಕ ವಿಡಿಯೋ ಬಂದಿರುತ್ತೆ. ಅದನ್ನು ತೆರೆದು ಇದನ್ನೇ ಇನ್ನೊಂದು ಸಲ ಮಾಡು, ಈ ಸಲ ನಿಧಾನಕ್ಕೆ. ಬರೀ Save ಅಂತ ಕಂಡರೆ ಒತ್ತಬೇಡ, ನನಗೆ ಫೋನ್ ಮಾಡು."

ಕೊನೆಯ ಸಾಲು ಯಾಕೆ ಅಂದರೆ, ನಾವು ಬಳಸೋ Google Photosನಲ್ಲಿ Save copy ಅಂದರೆ ಮೂಲ ವಿಡಿಯೋ ಹಾಗೇ ಉಳಿಯುತ್ತೆ. ಎಲ್ಲ ಆಪ್‌ಗಳೂ ಹೀಗಲ್ಲ, ಕೆಲವು ಕಡೆ Save ಒತ್ತಿದರೆ ಮೂಲದ ಮೇಲೇ ಕೂರುತ್ತೆ. ಐಫೋನ್ ಇದ್ದವರು Save Video as New Clip ಅಂತ ಬರೆಯಿರಿ. ಎರಡು ಸಲ ಕತ್ತರಿಸಿದರೆ ಚಿತ್ರ ಮಸುಕಾಗುತ್ತಾ ಅಂತ ಕೇಳೋರಿಗೆ: ಒಂಚೂರು ಆಗಬಹುದು, ವಾಟ್ಸಾಪ್ ಹೇಗೂ ಅದಕ್ಕಿಂತ ಜಾಸ್ತಿ ಹಿಂಡುತ್ತೆ.

ಚೀಟಿಗೆ ಲ್ಯಾಮಿನೇಷನ್ ಬೇಕೇ ಬೇಕು, ನಮ್ಮ ಮಳೆಗಾಲದಲ್ಲಿ ಬರೀ ಕಾಗದ ಬೂಸ್ಟು ಹಿಡಿದು ಹಪ್ಪಳ ಆಗುತ್ತೆ. ಪೇಟೆಯ ಅಂಗಡಿಯವರು ಮಾಡಿಕೊಟ್ಟದ್ದರಲ್ಲಿ Save copy ಮೇಲೇ ಗುಳ್ಳೆ ಎದ್ದಿದೆ, ಅಂಚೂ ಬಿಟ್ಟಿದೆ. ಬೇರೆ ಕಡೆ ಮಾಡಿಸಬೇಕು. ಅದೇ ಓಡಾಟದಲ್ಲಿ ಕೆಲಸ ಮಾಡೋ ಹಳೇ ವಿಸಿಆರ್ ಎಲ್ಲಾದರೂ ಸಿಗುತ್ತಾ ಅಂತಲೂ ವಿಚಾರಿಸ್ತೀನಿ. ಅಪ್ಪ ಅಮ್ಮನ ಅಲ್ಮೇರಾದಲ್ಲಿ ಅಕ್ಕನ ಮದುವೆಯ ಕ್ಯಾಸೆಟ್ ಇದೆ, ಬೂಸ್ಟು ಟೇಪಿಗೆ ಇಳಿಯೋ ಮುಂಚೆ ಫೋನಿಗೆ ತರಬೇಕು. ನಿಮ್ಮ ಮನೆ ಅಟ್ಟದಲ್ಲಿದ್ದರೆ ಹೇಳಿ.

ಈಗ ಉಳಿದಿರೋದು ಮಧ್ಯದ ಪ್ರತಿಯನ್ನು ಅಳಿಸೋ ಹಂತ. ಮೂರೂ ವಿಡಿಯೋ ಪಕ್ಕಪಕ್ಕದಲ್ಲಿ, ಮೂರೂ ಕಪ್ಪು, ನೋಡೋಕೆ ಒಂದೇ ಥರ. ಗುರುತು ಹಿಡಿಯೋಕೆ ಇರೋದು ಮೂಲೆಯಲ್ಲಿನ ಸಮಯ ಮಾತ್ರ: 6:12, 1:27, 0:41. ಅತಿ ಉದ್ದದ್ದೂ ಬೇಕು, ಅತಿ ಚಿಕ್ಕದ್ದೂ ಬೇಕು, ನಡುವಿನದ್ದು ಬೇಡ ಅಂತ ಬರೆಯಬೇಕು. ತಪ್ಪಿ ಬೇರೆದು ಅಳಿಸಿದರೂ ಬ್ಯಾಕಪ್ ಆಗಿದ್ದರೆ Trashನಲ್ಲಿ 60 ದಿನ, ಆಗಿಲ್ಲದಿದ್ದರೆ 30 ದಿನ ಇರುತ್ತೆ. ಆ ಸಾಲು ಸೇರಿಸಿದ ಮೇಲೆ ಲ್ಯಾಮಿನೇಷನ್.